ಪುಸ್ತಕಪಟ್ಟಿಯ ಕೆಲಸ ಎಲ್ಲಿಗೆ ಬಂತು: ಐಎಸ್‌ಬಿಎನ್ ಗುಂಪಿನ ಕಾಲಂ

ಪಟ್ಟಿಯಲ್ಲಿ ಶೀರ್ಷಿಕೆ, ಲೇಖಕರು, ವರ್ಷ, ಪ್ರಕಾಶಕರು ತುಂಬಿ ಆಯಿತು. ಈಗ ಕೈ ಹಾಕಿರುವುದು ‘ಗುಂಪು’ ಕಾಲಂಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ನಲ್ಲಿ 978 ಆದ ತಕ್ಷಣ ಬರುವ ಅಂಕಿಗಳಿಗೆ. ಇವು ದೇಶವನ್ನು ಸೂಚಿಸುತ್ತವೆ ಅಂತ ಕೆಲವರು, ಭಾಷೆಯನ್ನು ಅಂತ ಕೆಲವರು ಹೇಳುತ್ತಾರೆ. ಇಬ್ಬರದೂ ಅರ್ಧ ಸರಿ. ಯಾವ ಗುಂಪಿಗೆ ಯಾವ ಅರ್ಧ ಎಂದು ಬಿಡಿಸುವುದೇ ಈ ಸಲದ ಕೆಲಸ.

ಮೊದಲು ಅಂಕಿಗಳನ್ನು ಕತ್ತರಿಸಬೇಕು. ಬಾರ್‌ಕೋಡ್ ಓದಿಸಿದರೆ ಅಡ್ಡಗೆರೆ ಇಲ್ಲದ 13 ಅಂಕಿಗಳಷ್ಟೇ ಸಿಗುತ್ತವೆ. ಗುಂಪು ಒಂದೇ ಅಂಕಿಯದ್ದಿರಬಹುದು, ಐದರದ್ದೂ ಇರಬಹುದು. ಎಷ್ಟು ಎಂಬುದು ಆ ಅಂಕಿಗಳಿಂದಲೇ ಗೊತ್ತಾಗುವಂತೆ ಹಂಚಿಕೆ ಮಾಡಿದ್ದಾರೆ: 3ರಿಂದ ಶುರುವಾದರೆ ಗುಂಪು ಅಲ್ಲಿಗೇ ಮುಗಿಯಿತು, 88 ಎಂದಿದ್ದರೆ ಎರಡು ಅಂಕಿ, 9937 ಎಂದಿದ್ದರೆ ನಾಲ್ಕು. ಅಂತರರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಇದರ ಪೂರ್ತಿ ಕೋಷ್ಟಕವನ್ನು `RangeMessage.xml` ಕಡತದಲ್ಲಿ ಕೊಡುತ್ತದೆ. ಗುಂಪು ಮಾತ್ರ ಸಾಕು ಎನ್ನುವವರಿಗೆ ಇಷ್ಟು ಸಾಕು (978ಕ್ಕೆ ಮಾತ್ರ):

```python
R = [(0, 59999, 1), (60000, 64999, 3), (65000, 65999, 2),
     (70000, 79999, 1), (80000, 94999, 2), (95000, 98999, 3),
     (99000, 99899, 4), (99900, 99999, 5)]

def group(isbn):
    d = isbn.replace("-", "")
    five = int(d[3:8])
    for lo, hi, n in R:
        if lo <= five <= hi:
            return d[3:3 + n]
```

ಗುಂಪುಗಳ ಹೆಸರನ್ನು ಪಕ್ಕದಲ್ಲಿಟ್ಟು ನೋಡಿದರೆ ಹಂಚಿಕೆ ಒಂದೇ ಸೂತ್ರಕ್ಕೆ ಸಿಗುವುದಿಲ್ಲ. 0 ಮತ್ತು 1 ಇಂಗ್ಲಿಷ್, 2 ಫ್ರೆಂಚ್, 3 ಜರ್ಮನ್. ಇಷ್ಟೇ ಭಾಷೆಯ ಹೆಸರಿನವು. 4 ಜಪಾನ್, 7 ಚೀನಾ, 84 ಸ್ಪೇನ್, 81 ಮತ್ತು 93 ಭಾರತ, ಹೀಗೆ ಉಳಿದವು ಬಹುಮಟ್ಟಿಗೆ ದೇಶಗಳು. ಸ್ಪ್ಯಾನಿಷ್ ಭಾಷೆಗೆ ಗುಂಪೇ ಇಲ್ಲ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ ಒಂದೊಂದೂ ತನ್ನದೇ ಗುಂಪು ಇಟ್ಟುಕೊಂಡಿವೆ. ಭಾರತದ ಗುಂಪಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಂಬ ಭೇದವಿಲ್ಲ.

ಇಂಗ್ಲಿಷಿಗೆ 0 ಸಿಕ್ಕಿದ್ದು ಹಳೆಯ ಲೆಕ್ಕದ ಋಣ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗಾರ್ಡನ್ ಫಾಸ್ಟರ್ ರೂಪಿಸಿದ ಎಸ್‌ಬಿಎನ್‌ನಲ್ಲಿ ಒಂಬತ್ತೇ ಅಂಕಿ ಇದ್ದವು, ಅಮೆರಿಕವೂ ಅದನ್ನೇ ಬಳಸಿತು. 1970ರಲ್ಲಿ ಐಎಸ್‌ಒ 2108 ಮಾನಕವಾಗಿ ಹತ್ತು ಅಂಕಿಯ ಐಎಸ್‌ಬಿಎನ್ ಬಂದಾಗ ಹಳೆಯ ಸಂಖ್ಯೆಗಳ ಮುಂದೆ ಒಂದು 0 ಸೇರಿಸಿದರೆ ಸಾಕಾಯಿತು. ಸಂಖ್ಯೆ ಸರಿಯಿದೆಯೇ ಎಂದು ಪರೀಕ್ಷಿಸಲು ಕೊನೆಯಲ್ಲಿಡುವ ತಾಳೆ ಅಂಕಿಯನ್ನು ಹತ್ತು ಅಂಕಿಯ ಸಂಖ್ಯೆಗೆ ಲೆಕ್ಕ ಹಾಕುವಾಗ ಮೊದಲ ಅಂಕಿಯನ್ನು 10ರಿಂದ ಗುಣಿಸುತ್ತಾರೆ. ಸೊನ್ನೆಯನ್ನು ಗುಣಿಸಿದರೆ ಸೊನ್ನೆಯೇ, ಹಾಗಾಗಿ ಕೊನೆಯ ಅಂಕಿ ಬದಲಾಗಲಿಲ್ಲ. ಆ ಹೊತ್ತಿಗಾಗಲೇ ಲಂಡನ್ನಿನ ಪುಸ್ತಕವೂ ನ್ಯೂಯಾರ್ಕಿನ ಪುಸ್ತಕವೂ ಒಂದೇ ಸಾಲಿನಲ್ಲಿದ್ದವು. ಆದ್ದರಿಂದ 0 ಅಥವಾ 1 ಕಂಡರೆ ದೇಶ ಯಾವುದೆಂದು ಹೇಳಲಾಗದು.

ಇನ್ನು ನನ್ನ ಪಟ್ಟಿಯಲ್ಲೇ ಇರುವ ಒಂದು ಜೋಡಿ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶದ ಚಿತ್ರ ಬಿಡಿಸುವ ಬಗ್ಗೆ ಸ್ಪ್ರಿಂಗರ್ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವದು. ಎರಡು ಆವೃತ್ತಿ, ಲೇಖಕ ಅವರೇ, ಹಳದಿ ಹೊದಿಕೆಯ ಅದೇ ಪ್ರಕಾಶನ:

```
2009  978-0-387-98140-6
2016  978-3-319-24277-4
```

ಮೊದಲನೆಯದರ ಗುಂಪು 0, ಎರಡನೆಯದರದ್ದು 3. ಸಂಖ್ಯೆ ತಪ್ಪಾಗಿ ಟೈಪ್ ಆಗಿದೆಯೇನೋ ಎಂಬ ಅನುಮಾನಕ್ಕೆ ತಾಳೆ ಅಂಕಿಯನ್ನೇ ನೋಡಬಹುದು. 13 ಅಂಕಿಯದಕ್ಕೆ ಲೆಕ್ಕ ಬೇರೆ: 2016ರದ್ದರಲ್ಲಿ ಮೊದಲ 12 ಅಂಕಿಗಳನ್ನು ಒಂದೊಂದಾಗಿ 1, 3, 1, 3 ಎಂದು ಗುಣಿಸುತ್ತ ಕೂಡಿದರೆ 106 ಬರುತ್ತದೆ. ಮುಂದಿನ ಹತ್ತರ ಗುಣಕ 110, ವ್ಯತ್ಯಾಸ 4, ಕೊನೆಯ ಅಂಕಿಯೂ 4. ಸಂಖ್ಯೆ ಸರಿ ಇದೆ. ಮುಖಪುಟದ ಹಿಂಬದಿಯ ವಿವರ ಓದಿದರೆ ಉತ್ತರ ಅಲ್ಲೇ ಇದೆ: 2009ರದ್ದು ನ್ಯೂಯಾರ್ಕ್ ಶಾಖೆಯದು, 2016ರದ್ದು ಸ್ವಿಟ್ಜರ್ಲೆಂಡಿನ ಖಾಮ್‌ನಲ್ಲಿರುವ ಶಾಖೆಯದು.

ಖಾಮ್ ಇರುವುದು ಜರ್ಮನ್ ಆಡುವ ಭಾಗದಲ್ಲಿ. ಸ್ವಿಟ್ಜರ್ಲೆಂಡಿಗೆ ತನ್ನದೇ ಗುಂಪು ಇಲ್ಲ. ಅಲ್ಲಿನ ಜರ್ಮನ್ ಭಾಗದ ಪ್ರಕಾಶಕರು ಜರ್ಮನಿ, ಆಸ್ಟ್ರಿಯಾಗಳ ಜೊತೆ 3ರಲ್ಲಿ, ಫ್ರೆಂಚ್ ಭಾಗದವರು ಫ್ರಾನ್ಸಿನ ಜೊತೆ 2ರಲ್ಲಿ, ಇಟಾಲಿಯನ್ ಭಾಗದವರು ಇಟಲಿಯ ಜೊತೆ 88ರಲ್ಲಿ. ಹೀಗಾಗಿ ಈ ಒಂದು ಪುಸ್ತಕಕ್ಕೆ ಮೂರು ಉತ್ತರ ಕೂಡಿಬಿದ್ದಿವೆ. ಗುಂಪು ಹೇಳುವುದು ಜರ್ಮನ್, ಒಳಗಿರುವುದು ಇಂಗ್ಲಿಷ್, ಪ್ರಕಟವಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಮೂರೂ ಸುಳ್ಳಲ್ಲ. ಗುಂಪಿನ ಹೆಸರಿನಲ್ಲಿರುವ ಭಾಷೆ ಎಂದರೆ ಪ್ರಕಾಶಕರು ಸಂಖ್ಯೆ ಪಡೆದ ಪ್ರದೇಶದ ಭಾಷೆ, ಪುಸ್ತಕದ ಭಾಷೆಯಲ್ಲ. ಪುಸ್ತಕ ಯಾವ ಭಾಷೆಯಲ್ಲಿದೆ ಎಂದು ಸಂಖ್ಯೆ ಕೊಡುವಾಗ ಗುಂಪು ನೋಡುವುದೇ ಇಲ್ಲ. ಅಚ್ಚಾದ ಊರಿಗಂತೂ ಸಂಬಂಧವೇ ಇಲ್ಲ.

ಇದಾದ ಮೇಲೆ ಪಟ್ಟಿಯನ್ನು ಗುಂಪಿನ ಪ್ರಕಾರ ಜೋಡಿಸಿ, ಗುಂಪಿನ ಭಾಷೆಗೂ ಪುಸ್ತಕದ ಭಾಷೆಗೂ ಹೊಂದದ ಸಾಲುಗಳನ್ನು ಬೇರೆ ಮಾಡಿದೆ. ಹೆಚ್ಚಿನವು ವಿಜ್ಞಾನ, ಗಣಿತದ ಪುಸ್ತಕಗಳು: 978-3-540 ಎಂದು ಶುರುವಾಗುವ, ಇಂಗ್ಲಿಷಿನಲ್ಲಿರುವ, ಬರ್ಲಿನ್ ಹಾಗೂ ಹೈಡೆಲ್‌ಬರ್ಗಿನವು. ಕಥೆ ಕಾದಂಬರಿಗಳಲ್ಲಿ ಈ ತಕರಾರು ಕಡಿಮೆ.

978ರ ಬದಲು 979ರಿಂದ ಶುರುವಾಗುವ ಸಂಖ್ಯೆಗಳನ್ನು ಸೇರಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ನನಗೆ ಇದೇ ಹೆಚ್ಚು ಹಿಡಿಸಿದ್ದು. 978ರ ಜಾಗ ತುಂಬುತ್ತಾ ಬಂದಂತೆ ಹೊಸ ಗುಂಪುಗಳನ್ನು 979ರಲ್ಲೂ ಕೊಡುತ್ತಿದ್ದಾರೆ. ಕೋಷ್ಟಕದಲ್ಲಿ 978-2ರ ಹೆಸರು ಫ್ರೆಂಚ್ ಭಾಷೆ, ಆದರೆ 979-10ರ ಹೆಸರು ಫ್ರಾನ್ಸ್. 978-0 ಇಂಗ್ಲಿಷ್ ಭಾಷೆ, 979-8 ಅಮೆರಿಕ ಸಂಯುಕ್ತ ಸಂಸ್ಥಾನ. ಭಾಷೆಯ ಗುಂಪುಗಳು 978ರಲ್ಲೇ ನಿಂತವು, 979ರಲ್ಲಿ ಬರುತ್ತಿರುವವು ದೇಶಗಳು. ಹಾಗಾಗಿ 979-8 ಕಂಡರೆ ಅಮೆರಿಕ ಎಂದು ನೇರವಾಗಿ ಬರೆಯಬಹುದು, 978-0ಗೆ ಆ ಧೈರ್ಯ ಸಲ್ಲದು. ಒಂದು ಎಚ್ಚರಿಕೆ ಮಾತ್ರ ಬೇಕು: ಸ್ವಪ್ರಕಟಣೆಯ ತಾಣ ಪುಕ್ಕಟೆ ಕೊಡುವ ಸಂಖ್ಯೆ ತಾಣದ ಹೆಸರಿನಲ್ಲಿರುತ್ತದೆ. ಅಲ್ಲಿ ಗೊತ್ತಾಗುವುದು ತಾಣ ಎಲ್ಲಿಯದು ಎಂದು, ಲೇಖಕರು ಎಲ್ಲಿಯವರು ಎಂದಲ್ಲ. (979-0 ಸಂಗೀತದ ಸ್ವರಲಿಪಿಗೆ ಮೀಸಲು, ಅದನ್ನು ಬಿಟ್ಟುಬಿಟ್ಟೆ.)

ಸದ್ಯಕ್ಕೆ ಕಾಲಂಗಳ ವ್ಯವಸ್ಥೆ ಹೀಗೆ. ‘ಗುಂಪು’ ಸಂಖ್ಯೆಯಿಂದ ತಾನಾಗಿಯೇ ತುಂಬುತ್ತದೆ. ‘ಭಾಷೆ’ ಕೈಯಿಂದಲೇ. ‘ದೇಶ’ ಕಾಲಂ ಗುಂಪು ದೇಶದ್ದಾಗಿದ್ದರೆ ಮಾತ್ರ ತಾನಾಗಿ ತುಂಬುತ್ತದೆ. 0, 1, 2, 3 ಆದರೆ ಖಾಲಿ ಬಿಟ್ಟು ಪುಸ್ತಕ ಬಿಚ್ಚಿ ನೋಡಬೇಕು.

ಬಾಕಿ ಇರುವುದು ಮುರಿದ ದೇಶಗಳ ಸಾಲುಗಳು. 80 ಚೆಕೊಸ್ಲೊವಾಕಿಯಾದ ಗುಂಪು. 1993ರಲ್ಲಿ ದೇಶ ಎರಡಾದರೂ ಚೆಕ್ ಮತ್ತು ಸ್ಲೊವಾಕ್ ಪ್ರಕಾಶಕರು ಇಂದಿಗೂ ಅದನ್ನೇ ಹಂಚಿಕೊಂಡಿದ್ದಾರೆ. 86 ಯುಗೊಸ್ಲಾವಿಯಾದ್ದು. ಆಮೇಲೆ ಕ್ರೊಯೇಷಿಯಾಗೆ 953, ಸ್ಲೊವೇನಿಯಾಗೆ 961 ಸಿಕ್ಕವು, 86 ಮುಖ್ಯವಾಗಿ ಸರ್ಬಿಯಾದ ಪಾಲಾಯಿತು. ಹಾಗಾಗಿ 86 ಇರುವ ಹಳೆಯ ಪುಸ್ತಕ ಕ್ರೊಯೇಷಿಯಾದ ಜಾಗ್ರೆಬ್‌ನದ್ದೂ ಆಗಿರಬಹುದು. ಇಂಥವಕ್ಕೆ ಗುಂಪಿನ ಜೊತೆ ವರ್ಷವನ್ನೂ ನೋಡುವ ಒಂದು ಸಾಲಿನ ನಿಯಮ ಬೇಕು, ಮುಂದಿನ ಸಲ ಅದನ್ನೇ ಬರೆಯುತ್ತೇನೆ.