133ನೇ ವರದಿ ಬ್ರೀಫ್: ಪ್ರಾದೇಶಿಕ ಪೀಠದ ಭಾಗ ಮುಗೀತು, ಆಸ್ತಿ ವಿವರದ್ದೂ ಹೆಚ್ಚುಕಮ್ಮಿ ಆಯ್ತು

ಹೊಸಬರಿಗೆ ಒಂದು ಸಾಲಲ್ಲಿ ಹೇಳ್ಬಿಡ್ತೀನಿ, ಸಂಸದೀಯ ಸ್ಥಾಯಿ ಸಮಿತಿಗಳ ವರದಿಗಳನ್ನ ಕನ್ನಡ ಪೇಪರ್ ಡೆಸ್ಕಿನವರಿಗೆ ಒಂದು ಪುಟದೊಳಗೆ ಕೂರಿಸೋದು ನನ್ನ ಬಿಡುವಿನ ಕೆಲಸ. ಈಗ ಕೈಲಿರೋದು ಕಾನೂನು ಮತ್ತು ನ್ಯಾಯ ಇಲಾಖೆ ನೋಡ್ಕೊಳ್ಳೋ ಸಮಿತಿಯ 133ನೇ ವರದಿ, ನ್ಯಾಯಾಂಗ ಪ್ರಕ್ರಿಯೆಗಳು ಮತ್ತು ಅವುಗಳ ಸುಧಾರಣೆ ಬಗ್ಗೆ, 2023ರ ಆಗಸ್ಟ್‌ನಲ್ಲಿ ಬಂದದ್ದು, ಆಗ ಸುಶೀಲ್ ಕುಮಾರ್ ಮೋದಿ ಅಧ್ಯಕ್ಷರು. ವರದಿ ಹಳೇದಾದ್ರೂ ಇದರ ವಿಷಯಗಳು ಆಗಾಗ ಸುದ್ದಿಗೆ ಬರ್ತಾನೇ ಇರ್ತವೆ, ಬಂದಾಗೆಲ್ಲ ಶಿಫಾರಸು ಸ್ವಲ್ಪ ಸ್ವಲ್ಪ ಊದಿಕೊಂಡು ಬರುತ್ತೆ, ಅದಕ್ಕೇ ಇದನ್ನ ಹಿಡ್ಕೊಂಡೆ.

ಮೊದಲು ಸುಪ್ರೀಂ ಕೋರ್ಟಿನ ಪ್ರಾದೇಶಿಕ ಪೀಠದ ಅಧ್ಯಾಯ. ಇಂಥ ವರದಿ ಓದುವಾಗ ಮೊದಲನೇ ಕೆಲಸ ಯಾರ ಮಾತು ಯಾವುದು ಅಂತ ಬೇರೆ ಮಾಡೋದು. ಒಂದೇ ಅಧ್ಯಾಯದಲ್ಲಿ ಇಲಾಖೆ ಹೇಳಿದ್ದು, ಸಾಕ್ಷಿಗಳು ಹೇಳಿದ್ದು, ಹಿಂದಿನ ಆಯೋಗಗಳು ಹೇಳಿದ್ದು, ಕೊನೆಗೆ ಸಮಿತಿ ತಾನೇ ಹೇಳಿದ್ದು ಎಲ್ಲ ಒಟ್ಟಿಗೆ ಹರೀತಾ ಇರುತ್ತೆ. ಸಮಿತಿಯ ಮಾತು ದಪ್ಪಕ್ಷರದಲ್ಲಿರುತ್ತೆ, ಉಳಿದದ್ದು ಮಾಮೂಲಿ ಅಕ್ಷರದಲ್ಲಿ. ಪ್ಲೇನ್ ಟೆಕ್ಸ್ಟ್‌ಗೆ ಕಾಪಿ ಮಾಡ್ಕೊಂಡ್ರೆ ಆ ದಪ್ಪಕ್ಷರ ಹೋಗ್ಬಿಡುತ್ತೆ, ಆಗ ಯಾವನೋ ಸಾಕ್ಷಿಯ ಅಭಿಪ್ರಾಯ ಸಮಿತಿಯ ಶಿಫಾರಸಾಗಿ ಪ್ರಿಂಟ್ ಆಗುತ್ತೆ, ಹಾಗಾಗಿ ನಾನು ಪಿಡಿಎಫ್‌ ಮೇಲೇ ಗುರುತು ಹಾಕ್ಕೊಂಡು ಆಮೇಲೆ ಟೈಪ್ ಮಾಡೋದು. ವರದಿಯ ಕೊನೇಲಿ ಶಿಫಾರಸುಗಳನ್ನೆಲ್ಲ ಒಟ್ಟಿಗೆ ಕೊಟ್ಟಿರ್ತಾರೆ ನಿಜ, ಆದ್ರೆ ಅಲ್ಲಿ "ಇದು" "ಅದು" ಅಂದ್ರೆ ಯಾವುದು ಅಂತ ತಿಳಿಯೋಕೆ ಹಿಂದಿನ ಪ್ಯಾರಾಗೆ ಹೋಗ್ಲೇಬೇಕು.

ಹಾಗೆ ಸೋಸಿದ ಮೇಲೆ ಪೀಠದ ಬಗ್ಗೆ ಸಮಿತಿಯದ್ದೇ ಅಂತ ಉಳಿಯೋದು ಇಷ್ಟು: ಸುಪ್ರೀಂ ಕೋರ್ಟು ಸಂವಿಧಾನದ 130ನೇ ವಿಧಿ ಬಳಸಿ ದೇಶದ ನಾಲ್ಕೈದು ಕಡೆ ಪ್ರಾದೇಶಿಕ ಪೀಠ ಮಾಡ್ಬಹುದು ಅನ್ನೋದು ಸಮಿತಿಯ ಅಭಿಪ್ರಾಯ, ಸಂವಿಧಾನಕ್ಕೆ ಸಂಬಂಧಿಸಿದ ವಿಷಯಗಳು ದೆಹಲಿಯಲ್ಲೇ ಇರ್ಲಿ, ಮೇಲ್ಮನವಿಗಳನ್ನ ಪ್ರಾದೇಶಿಕ ಪೀಠ ನೋಡ್ಲಿ, ಆ ಪೀಠದ ತೀರ್ಪೇ ಅಂತಿಮ ಅಂತಾಗ್ಬೇಕು, ಇಲ್ಲಾಂದ್ರೆ ಕೋರ್ಟುಗಳ ಮೆಟ್ಟಿಲು ಇನ್ನೊಂದು ಜಾಸ್ತಿ ಆದಂಗಾಗುತ್ತೆ.

ಇದನ್ನ ನಾಲ್ಕು ಖಾನೆಗೆ ಹಾಕ್ತೀನಿ: ಯಾರಿಗೆ ಹೇಳಿದ್ದು, ಎಷ್ಟು ಗಟ್ಟಿಯಾಗಿ ಹೇಳಿದ್ದು, ಯಾವ ಯಾವುದಕ್ಕೆ ಅನ್ವಯ, ಷರತ್ತು ಏನು. ಇಲ್ಲಿ "ಯಾರಿಗೆ" ಅನ್ನೋ ಖಾನೇಲಿ ಸರ್ಕಾರ ಇಲ್ಲ! 130ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ ಕೂರ್ಬೇಕು ಅಥವಾ ರಾಷ್ಟ್ರಪತಿ ಒಪ್ಪಿಗೆ ತಗೊಂಡು ಮುಖ್ಯ ನ್ಯಾಯಮೂರ್ತಿ ಗೊತ್ತುಮಾಡೋ ಬೇರೆ ಜಾಗದಲ್ಲೂ ಕೂರ್ಬಹುದು, ಅಂದ್ರೆ ಶುರು ಆಗ್ಬೇಕಿರೋದು ಕೋರ್ಟ್ ಕಡೆಯಿಂದ. "ಪೀಠ ಸ್ಥಾಪಿಸಿ: ಕೇಂದ್ರಕ್ಕೆ ಸಮಿತಿ ತಾಕೀತು" ಅಂತ ಹೆಡ್‌ಲೈನ್ ಕೊಟ್ರೆ ಯಾರಿಗೆ ಹೇಳಿದ್ದು ಅನ್ನೋದೂ ತಪ್ಪು, ತಾಕೀತು ಅನ್ನೋದೂ ತಪ್ಪು. ಈ ಸಮಿತಿಗಳ ವರದಿಗೆ ರಾಜ್ಯಸಭೆಯ ನಿಯಮ 277ರಲ್ಲಿ ಇರೋ ತೂಕ ಯೋಚನೆ ಮಾಡಿ ಕೊಟ್ಟ ಸಲಹೆಯದ್ದು, ಅಷ್ಟೇ.

ಡ್ರಾಫ್ಟನ್ನ ಜಿಲ್ಲಾ ಪೇಪರ್ ಒಂದರ ಡೆಸ್ಕಲ್ಲಿರೋ ಗೆಳೆಯನಿಗೆ ಕಳಿಸಿ, ವರದಿ ನೋಡ್ದೆ ಇದೊಂದನ್ನೇ ಓದಿ ಹೆಡ್‌ಲೈನ್ ಹಾಕು ಅಂದೆ. ಬ್ರೀಫ್ ಸರಿ ಇದ್ಯಾ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ದಾರಿ ನಂಗೆ ಸಿಕ್ಕಿಲ್ಲ, ಯಾಕಂದ್ರೆ ಬ್ರೀಫಲ್ಲಿ ಎಲ್ಲಿ ಜಾಗ ಬಿಟ್ಟಿರ್ತೀವೋ ಹೆಡ್‌ಲೈನು ಸೀದಾ ಅಲ್ಲಿಗೇ ನುಗ್ಗುತ್ತೆ. ಅವನು ಹಾಕಿದ್ದು "ಬೆಂಗಳೂರಿಗೆ ಬರುತ್ತಾ ಸುಪ್ರೀಂ ಪೀಠ?". ಅಲ್ಲ ಮಾರಾಯ, ಬೆಂಗಳೂರು ಎಲ್ಲಿಂದ ಬಂತು ಅಂದ್ರೆ, "ನಾಲ್ಕೈದು ಕಡೆ ಅಂತ ಬರ್ದಿದೀಯಲ್ಲ, ನಮ್ಮೂರೋರು ಓದ್ಬೇಕಾ ಬೇಡ್ವಾ, ಪ್ರಶ್ನಾರ್ಥಕ ಹಾಕಿದೀನಲ್ಲ" ಅಂದ. ಪ್ರಶ್ನಾರ್ಥಕ ಹಾಕಿದ್ರೆ ಎಲ್ಲ ಪಾಪ ಪರಿಹಾರ ಅನ್ನೋ ನಂಬಿಕೆ ಡೆಸ್ಕುಗಳಲ್ಲಿ ಬಹಳ ಹಳೇದು.

ಹಾಗಾಗಿ "ಸಮಿತಿಯ ಶಿಫಾರಸಿನಲ್ಲಿ ಯಾವ ಊರಿನ ಹೆಸರೂ ಇಲ್ಲ" ಅಂತ ಒಂದು ಸಾಲು ಸೇರಿಸ್ದೆ. ಊರಿನ ಹೆಸರು ಹೇಳಿದ್ದು ಕಾನೂನು ಆಯೋಗ, 2009ರ ತನ್ನ 229ನೇ ವರದೀಲಿ: ಸಂವಿಧಾನ ಪೀಠ ದೆಹಲಿಯಲ್ಲಿ, ಮೇಲ್ಮನವಿ ಪೀಠಗಳು ದೆಹಲಿ, ಕೋಲ್ಕತ್ತಾ, ಮುಂಬೈ, ಮತ್ತೆ ದಕ್ಷಿಣಕ್ಕೆ ಚೆನ್ನೈ ಅಥವಾ ಹೈದರಾಬಾದ್. ಅಲ್ಲೂ ಬೆಂಗಳೂರಿಲ್ಲ. ಇದನ್ನ ಹಿನ್ನೆಲೆ ಅಂತ ಬೇರೆ ಪ್ಯಾರಾದಲ್ಲಿ ಇಟ್ಟಿದೀನಿ, ಶಿಫಾರಸಿನ ಪ್ಯಾರಾ ಜೊತೆ ಸೇರಿಸ್ಲಿಲ್ಲ, ಸೇರಿಸಿದ್ರೆ ಸಮಿತಿಯೇ ಚೆನ್ನೈ ಅಂತ ಹೇಳಿದೆ ಅಂತ ನಾಳೆ ಓಡಾಡುತ್ತೆ. ಅದೇ ಹಿನ್ನೆಲೇಲಿ ಇನ್ನೊಂದು ಸಾಲು, ದೆಹಲಿ ಹೊರಗೆ ಪೀಠ ಮಾಡೋಕೆ ಸಮರ್ಥನೆ ಕಾಣಲ್ಲ ಅಂತ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಸೇರೋ ಫುಲ್ ಕೋರ್ಟ್ ಸಭೆ 2010ರ ಫೆಬ್ರವರಿಯಲ್ಲೇ ತೀರ್ಮಾನ ಮಾಡಿತ್ತು. ಇದನ್ನ ಬಿಟ್ರೆ ಓದೋರಿಗೆ ನಾಳೆನೇ ಪೀಠ ಬಂತು ಅನ್ಸುತ್ತೆ.

ಇನ್ನು ಆಸ್ತಿ ವಿವರದ ಅಧ್ಯಾಯ. ಇದು ಪೂರ್ತಿ ಉಲ್ಟಾ. ಇಲ್ಲಿ ಹೇಳಿರೋದು ಸರ್ಕಾರಕ್ಕೆ, "ಅಭಿಪ್ರಾಯ" ಅಲ್ಲ "ಶಿಫಾರಸು", ಕೇಳ್ತಿರೋದು ಕಾನೂನು. ಬ್ರೀಫಲ್ಲಿ ಈಗ ಇರೋ ಸಾಲು: "ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಪ್ರತಿ ವರ್ಷ ತಮ್ಮ ಆಸ್ತಿ ವಿವರವನ್ನು ಸೂಕ್ತ ಪ್ರಾಧಿಕಾರಕ್ಕೆ ಸಲ್ಲಿಸುವುದನ್ನು ಕಡ್ಡಾಯಗೊಳಿಸುವ ಕಾನೂನನ್ನು ಸರ್ಕಾರ ತರಬೇಕೆಂದು ಸಮಿತಿ ಶಿಫಾರಸು ಮಾಡಿದೆ." ಉದ್ದ ಆಯ್ತು ಗೊತ್ತು, ಆದ್ರೆ ಯಾವ ತುಂಡು ಕಿತ್ತು ನೋಡಿದ್ರೂ ಅರ್ಥ ಹಿಗ್ಗುತ್ತೆ. ಎರಡು ಕೋರ್ಟಿನ ಹೆಸರು ತೆಗೆದು ಬರೀ "ನ್ಯಾಯಾಧೀಶರು" ಅಂದ್ರೆ ತಾಲೂಕು ಕೋರ್ಟಿನವರೂ ಒಳಗೆ ಬಂದ್ರು. "ಸೂಕ್ತ ಪ್ರಾಧಿಕಾರಕ್ಕೆ" ತೆಗೆದು "ಆಸ್ತಿ ಘೋಷಿಸಬೇಕು" ಅಂದ್ರೆ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು ಅಂತ ಅರ್ಥ ಆಗುತ್ತೆ. ಈ ಎರಡನೇದು ಸುಲಭಕ್ಕೆ ತಪ್ಪಿಸ್ಕೊಳ್ಳೋಕೆ ಆಗಲ್ಲ, ಯಾಕಂದ್ರೆ ಅದೇ ಅಧ್ಯಾಯದಲ್ಲಿ ಮೇಲೆ, ಚುನಾವಣೆಗೆ ನಿಂತವರ ಆಸ್ತಿ ತಿಳಿಯೋ ಹಕ್ಕು ಜನಕ್ಕಿದೆ ಅಂತ ಕೋರ್ಟೇ ಹೇಳಿರೋವಾಗ ಜಡ್ಜ್‌ಗಳಿಗೆ ಮಾತ್ರ ಬೇಡ ಅನ್ನೋದು ತರ್ಕಕ್ಕೆ ಕೂರಲ್ಲ ಅಂತ ಸಮಿತಿ ಜೋರಾಗೇ ವಾದ ಮಾಡಿದೆ. ವಾದ ದೊಡ್ಡದು, ಕೊನೆಗೆ ಕೇಳಿರೋದು ಅದಕ್ಕಿಂತ ಚಿಕ್ಕದು. ನಾನು ವಾದಕ್ಕೆ ಒಂದು ಸಾಲು, "ಕಾರಣವಾಗಿ ಸಮಿತಿ ಹೇಳಿದ್ದು" ಅಂತ ಶುರು ಮಾಡಿ ಬೇರೆ ಕೊಟ್ಟೆ.

2009ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾ. ಡಿ.ವಿ. ಶೈಲೇಂದ್ರ ಕುಮಾರ್ ಆಸ್ತಿ ಬಹಿರಂಗ ಮಾಡೋ ಪರವಾಗಿ ಬಹಿರಂಗವಾಗೇ ಬರೆದು ದೊಡ್ಡ ಚರ್ಚೆ ಆಗಿತ್ತಲ್ಲ, ಅದನ್ನ ಸೇರಿಸೋ ಆಸೆ ಬಹಳ ಇತ್ತು, ಕನ್ನಡ ಓದುಗರಿಗೆ ಹತ್ತಿರದ ಕತೆ. ಆದ್ರೆ ಸಮಿತಿಯ ಮಾತಿಗೆ ಅದು ಏನೂ ಸೇರಿಸಲ್ಲ, ಎಡಿಟರ್‌ಗೆ ಬೇಕಿದ್ರೆ ಬಾಕ್ಸ್ ಐಟಂ ಮಾಡ್ಕೊಳ್ಳಿ ಅಂತ ಪ್ರತ್ಯೇಕ ಟಿಪ್ಪಣಿಗೆ ತಳ್ಳಿದೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ತಾನಾಗೇ ನ್ಯಾಯಮೂರ್ತಿಗಳ ಆಸ್ತಿ ವಿವರ ವೆಬ್‌ಸೈಟಿಗೆ ಹಾಕ್ತಲ್ಲ, ಅದನ್ನ ಮಾತ್ರ ಬ್ರೀಫಲ್ಲೇ ಉಳಿಸ್ಕೊಂಡಿದೀನಿ, ಆದ್ರೆ ಅದು ಕೋರ್ಟಿನದ್ದೇ ನಿರ್ಣಯ, ಸಮಿತಿ ಕೇಳಿದ ಕಾನೂನಲ್ಲ ಅಂತ ಜೊತೇಲೇ ಬರೆದು.

ಮುಂದಿನ ವಾರ ನಿವೃತ್ತಿ ವಯಸ್ಸಿನ ಅಧ್ಯಾಯ. ವಯಸ್ಸು ಜಾಸ್ತಿ ಮಾಡಿ ಅನ್ನೋದು ಎಲ್ಲರಿಗೂ ಗೊತ್ತು, ಅದರ ಜೊತೆ ಆರೋಗ್ಯ, ತೀರ್ಪಿನ ಗುಣಮಟ್ಟ, ಕೊಟ್ಟ ತೀರ್ಪುಗಳ ಸಂಖ್ಯೆ ನೋಡಿ ಮೌಲ್ಯಮಾಪನ ಮಾಡ್ಬೇಕು, ಆ ವ್ಯವಸ್ಥೆಯನ್ನ ಕೊಲಿಜಿಯಂ ಮಾಡ್ಬಹುದು ಅಂತಾನೂ ಇದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕ್ಬೇಕು, ಬೇರೆ ಬೇರೆ ವಾಕ್ಯ ಮಾಡಿದ್ರೆ ಜಾಗ ಸಾಲ್ದಾಗ ಸಬ್ ಎಡಿಟರ್ ಕೆಳಗಿನದನ್ನೇ ಕತ್ತರಿಸೋದು. ಯಾರಾದ್ರೂ ಟೆಸ್ಟ್ ಹೆಡ್‌ಲೈನ್ ಹಾಕಿಕೊಡೋಕೆ ರೆಡಿ ಇದ್ರೆ ಹೇಳಿ, ಡೆಸ್ಕಲ್ಲಿ ಕೆಲಸ ಮಾಡೋರಾದ್ರೆ ಇನ್ನೂ ಒಳ್ಳೇದು.