ಮೀನು ಚಿಕ್ಕದಾಯ್ತು, ಲೋಗೋ ದೊಡ್ಡದಾಯ್ತು

"ಲೋಗೋ ಇನ್ನೂ ದೊಡ್ಡದು ಮಾಡಿ, ಬಣ್ಣ ಇನ್ನೂ ಬ್ರೈಟ್ ಮಾಡಿ ಅಂತ ಕ್ಲೈಂಟ್ ಬಿಡದೆ ಕೇಳಿದ್ರೆ ನೀವೇನು ಮಾಡ್ತೀರಿ?"

ಮೊದಲೆಲ್ಲ ಬೈದುಕೊಂಡೇ ಮಾಡಿಕೊಡುತ್ತಿದ್ದೆ. ಈಗ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಕಲಿಸಿದ್ದು ಪಡುಬಿದ್ರಿಗೂ ಕಾಪುವಿಗೂ ನಡುವೆ ಹೈವೇ ಪಕ್ಕದಲ್ಲಿರುವ ಒಂದು ಮೀನೂಟದ ಹೋಟೆಲ್.

16 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್ ಬೋರ್ಡು. ಎಡಗಡೆ 18 ಇಂಚಿನ ಮೀನಿನ ಚಿತ್ರ. ಎರಡು ಗೆರೆಯಲ್ಲಿ ಮುಗಿಯುವ ಬಂಗುಡೆ, ನನಗೆ ಬಹಳ ಇಷ್ಟವಾಗಿತ್ತು. ಪಕ್ಕದಲ್ಲಿ 6 ಇಂಚಿನ ಅಕ್ಷರದಲ್ಲಿ ಹೆಸರು. ಉಳಿದ ಜಾಗದಲ್ಲಿ ಹೋಟೆಲಿನವರು ಕೊಟ್ಟ ಮೂರು ಫೋನ್ ನಂಬರ್, ಫಿಶ್ ಫ್ರೈ ಫೋಟೋ, 'ಫ್ಯಾಮಿಲಿ ರೂಮ್ ಉಂಟು' ಅನ್ನುವ ಸಾಲು. ವಾಟ್ಸಾಪಲ್ಲಿ ಕಳಿಸಿದೆ. ಹತ್ತು ನಿಮಿಷದಲ್ಲಿ ಧಣಿಗಳ ಫೋನು. "ಚಂದ ಉಂಟು ಮಾರಾಯ್ರೆ. ಆದ್ರೆ ಲೋಗೋ ಕಾಣುದಿಲ್ಲ. ಸ್ವಲ್ಪ ದೊಡ್ಡ ಮಾಡಿ."

ಮೀನನ್ನು 24 ಇಂಚು ಮಾಡಿದೆ. ಸಾಲದು ಅಂದರು. 30 ಇಂಚು ಮಾಡಿದೆ. ಜಾಗ ಸಾಲದೆ ಹೆಸರು 5 ಇಂಚಿಗೆ ಇಳಿಯಿತು. ಅವರದ್ದು ಮತ್ತೆ ಅದೇ ಮಾತು, "ಎಂತ ಮಾರಾಯ್ರೆ, ಈಗ ಮೊದಲಿಗಿಂತಲೂ ಕಾಣುದಿಲ್ಲ!"

ಸಿಟ್ಟು ಬಂತು. ಮೂವತ್ತು ಇಂಚಿನ ಬಂಗುಡೆ ಕಾಣದವರಿಗೆ ಇನ್ನೇನು ತಿಮಿಂಗಿಲ ಬರೆಯಲಾ? ಸ್ಕೂಟರ್ ಹತ್ತಿ ಹೋದೆ. ಎದುರಿಗೆ ಕೂತು ಕೇಳಿದೆ, "ಯಾರಿಗೆ ಕಾಣುವುದಿಲ್ಲ ಧಣಿ?"

"ಮಂಗಳೂರು ಕಡೆಯಿಂದ ಬರುವವರಿಗೆ. ಹೋಟೆಲ್ ದಾಟಿ ಒಂದು ಕಿಲೋಮೀಟರ್ ಹೋದ ಮೇಲೆ ಫೋನ್ ಮಾಡ್ತಾರೆ, ನಿಮ್ಮದು ಎಲ್ಲಿ ಉಂಟು ಅಂತ. ಮತ್ತೆ ಯಾರು ತಿರುಗಿ ಬರ್ತಾರೆ?"

ಅವರು ಲೋಗೋ ಅನ್ನುತ್ತಿದ್ದದ್ದು ಮೀನಿಗಲ್ಲ. ಹೆಸರಿಗೆ. ನಾನು ಮೀನು ಬೆಳೆಸಿದಷ್ಟೂ ಅವರಿಗೆ ಬೇಕಾದ್ದು ಸಣ್ಣದಾಗುತ್ತಾ ಹೋಗಿತ್ತು.

ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆವು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 55 ಅಡಿ ಓಡುತ್ತದೆ. ಬೋರ್ಡು ಓದಿ, ಹಿಂದೆ ನೋಡಿ, ಇಂಡಿಕೇಟರ್ ಹಾಕಿ ನಿಧಾನ ಮಾಡಲು ಆರು ಸೆಕೆಂಡಾದರೂ ಬೇಕಲ್ವಾ? ಅಂದರೆ 330 ಅಡಿ ದೂರದಿಂದಲೇ ಓದಲು ಬರಬೇಕು. ರಸ್ತೆ ಬೋರ್ಡಿಗೆ ನಾನು ಹಿಡಿಯುವ ಅಂದಾಜು, ಒಂದು ಇಂಚು ಎತ್ತರದ ಅಕ್ಷರಕ್ಕೆ 30 ಅಡಿ ದೂರ. ಹಾಗಾದರೆ 11 ಇಂಚು ಬೇಕು. ನನ್ನ 5 ಇಂಚು 150 ಅಡಿಯಲ್ಲಿ ಓದಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೈಯಲ್ಲಿ ಮೂರು ಸೆಕೆಂಡೂ ಉಳಿದಿರುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ಪೇಚು ಇದೆ. ಹೋಟೆಲ್ ಹೆಸರಲ್ಲಿ 'ಮತ್ಸ್ಯ' ಅಂತ ಇತ್ತು. ತ ಕೆಳಗೆ ಸ, ಜೊತೆಗೆ ಯ. ಈ 11 ಇಂಚನ್ನು ಮೇಲಿನ ಅಕ್ಷರಕ್ಕೆ ಅಳೆಯಬೇಕು, ಒತ್ತಿನ ಜಾಗ ಬೇರೆ ಬಿಡಬೇಕು. ಒತ್ತನ್ನೂ ಸೇರಿಸಿ ಅಳೆದರೆ ಮೇಲಿನ ಅಕ್ಷರ ಕುಗ್ಗುತ್ತದೆ. ಒತ್ತಿನ ಸಣ್ಣ ಕಿಂಡಿಗಳು ದೂರದಿಂದ ಮುಚ್ಚಿಕೊಂಡು ಬರೀ ಕಪ್ಪು ಚುಕ್ಕೆ ಆಗುತ್ತವೆ. ಅದಕ್ಕೇ ಗೆರೆ ಸ್ವಲ್ಪ ತೆಳುವಾದ ಫಾಂಟಿಗೆ ಬದಲಿಸಿದೆ. ದಪ್ಪ ಇದ್ದರೆ ಚೆನ್ನಾಗಿ ಕಾಣುತ್ತದೆ ಅನ್ನುವುದು ಇಲ್ಲಿ ಉಲ್ಟಾ.

ಮೂರು ಫೋನ್ ನಂಬರಲ್ಲಿ ಎರಡು, ಫಿಶ್ ಫ್ರೈ ಫೋಟೋ, 'ಫ್ಯಾಮಿಲಿ ರೂಮ್ ಉಂಟು', ಎಲ್ಲ ಬಾಗಿಲ ಪಕ್ಕದ ಸಣ್ಣ ಬೋರ್ಡಿಗೆ ಹೋದವು. ಓಡುವ ಕಾರಲ್ಲಿ ಯಾರು ನಂಬರ್ ಬರೆದುಕೊಳ್ಳುತ್ತಾರೆ?

ಇನ್ನು ಬಣ್ಣ. ಧಣಿಗಳಿಗೆ ಗಿಳಿಹಸಿರು ಬೇಕು. ಫೋನಲ್ಲಿ ತೋರಿಸಿದರು, ಫಳಫಳ ಹೊಳೆಯುತ್ತಿತ್ತು. ಬೋರ್ಡು ಪ್ರಿಂಟ್ ಆಗಬೇಕಿದ್ದ ಯಂತ್ರದಲ್ಲೇ, ಅದೇ ಫ್ಲೆಕ್ಸಲ್ಲಿ, ಒಂದು ಅಡಿ ತುಂಡು ಪ್ರಿಂಟ್ ಹಾಕಿಸಿ ತಂದೆ. ಬಾಡಿದ ಬಸಳೆ ಥರ ಇತ್ತು. "ಇಂಕು ಜಾಸ್ತಿ ಹಾಕ್ಲಿಕ್ಕೆ ಹೇಳಿ" ಅಂದರು. ಅದನ್ನೂ ಹಾಕಿಸಿದೆ, ಸುಮ್ನೆ ವಾದ ಯಾಕೆ. ಇನ್ನೂ ಕಪ್ಪಾಗಿ ಬಂತು. ಫೋನು ತಾನೇ ಬೆಳಕು ಕೊಡುತ್ತದೆ. ಇಂಕು ಹಾಗಲ್ಲ, ಬಿದ್ದ ಬೆಳಕಲ್ಲಿ ಒಂದಷ್ಟನ್ನು ನುಂಗುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ನುಂಗುತ್ತದೆ. ಎರಡು ತುಂಡನ್ನೂ ಅಂಗಳದ ಬಿಸಿಲಲ್ಲಿ ಇಟ್ಟಾಗ ಅವರೇ ತಲೆ ಅಲ್ಲಾಡಿಸಿದರು.

ಮೂರನೇ ತುಂಡಲ್ಲಿ ನೆಲಕ್ಕೆ ಕಡುಹಸಿರು, ಅಕ್ಷರಕ್ಕೆ ಹಳದಿ. ಹಳದಿ ಇಂಕು ಬೇರೆ ಇಂಕುಗಳಷ್ಟು ಬೆಳಕು ನುಂಗುವುದಿಲ್ಲ, ಸುತ್ತ ಕಡುಬಣ್ಣ ಇದ್ದರೆ ಇನ್ನೂ ಎದ್ದು ಕಾಣುತ್ತದೆ. ಅದೇ ಹಳದಿ ಬಿಳಿ ಮೇಲಿದ್ದರೆ ಮಾಯ. ತುಂಡನ್ನು ರಸ್ತೆಯಾಚೆ ಹಿಡಿಯಲು ಸಪ್ಲೈಯರ್ ಹುಡುಗನನ್ನು ಕಳಿಸಿದೆವು. ಧಣಿಗಳು ಕೈ ಅಡ್ಡ ಹಿಡಿದು ನೋಡಿದರು. "ಹಾಂ, ಇದು ಬ್ರೈಟ್!"

ಬೋರ್ಡು ಏರಿದ ದಿನ ಸಂಜೆ ಒಳಗಿನ ಲೈಟ್ ಹಾಕಿದರು. ಹಿಂದಿನಿಂದ ಬೆಳಕು ಬಂದದ್ದೇ ಕಡುಹಸಿರು ತಿಳಿಯಾಗಿ, ಹೆಚ್ಚುಕಡಿಮೆ ಅವರ ಗಿಳಿಹಸಿರೇ ಆಯಿತು. ಅವರಿಗೆ ಖುಷಿಯೋ ಖುಷಿ. ಬಾಕಿ ಹಣ ಎಣಿಸಿ ಕೊಡುತ್ತಾ ಅಂದರು, "ನೋಡಿ, ನಾನು ಮೊದಲೇ ಹೇಳಿದ್ದೆ. ಲೋಗೋ ದೊಡ್ಡ ಮಾಡಿದ್ದಕ್ಕೆ ಎಷ್ಟು ಚಂದ ಕಾಣ್ತದೆ."

ಮೀನು ಈಗ 12 ಇಂಚು. ಮೊದಲ ದಿನಕ್ಕಿಂತ ಆರು ಇಂಚು ಚಿಕ್ಕದು. ನಾನು "ಹೌದು ಧಣಿ" ಅಂದು ಹಣ ಜೇಬಿಗೆ ಹಾಕಿಕೊಂಡೆ.