61 ಪರ್ಸೆಂಟ್ ನಮ್ಮದೇ, ಆದರೂ ಪ್ಯಾನೆಲ್ ಭಾರತದ್ದಲ್ಲ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ಎಕ್ಸ್‌ಪೋರ್ಟ್ ಕಾಗದಪತ್ರದ ಕೆಲಸ. ಪಂಪ್‌ಹೌಸ್‌ಗಳಿಗೆ ಬೇಕಾಗುವ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಹೊರಗಿಂದ ನೋಡಿದರೆ ಬೂದು ಬಣ್ಣದ ತಗಡಿನ ಬೀರು. ಬಾಗಿಲು ತೆಗೆದರೆ ಒಳಗೆ ಬ್ರೇಕರ್, ಕಾಂಟ್ಯಾಕ್ಟರ್, ಮೋಟರ್ ವೇಗ ಹಿಡಿಯುವ ಒಂದು ಡ್ರೈವ್, ಎಲ್ಲವನ್ನೂ ನಡೆಸುವ ಸಣ್ಣ ಕಂಪ್ಯೂಟರಿನಂಥ ಒಂದು ಪಿಎಲ್‌ಸಿ, ಮತ್ತೆ ರಾಶಿ ವೈರು. ಬೀರು ನಮ್ಮ ಬೀದಿಯಲ್ಲೇ ಬೆಂಡ್ ಆಗುತ್ತದೆ. ವೈರಿಂಗ್, ಪ್ರೋಗ್ರಾಮಿಂಗ್, ಟೆಸ್ಟಿಂಗ್ ಎಲ್ಲ ನಮ್ಮಲ್ಲೇ. ಹಾಗಾಗಿ ಇದು ಭಾರತದ ಮಾಲೇ ಎನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ.

ಅನುಮಾನ ಬಂದದ್ದು ಒಂದು ಕಾಗದದಿಂದ. ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶವೊಂದರ ಗಿರಾಕಿಗೆ ಕಳಿಸಿದ್ದ ಪ್ಯಾನೆಲ್ ಬಗ್ಗೆ ಅಲ್ಲಿನ ಕಸ್ಟಮ್ಸ್‌ನವರು ಮರುಪರಿಶೀಲನೆ ಕೇಳಿದ್ದರು. ನಾವು ಕೊಟ್ಟಿದ್ದ ಒರಿಜಿನ್ ಸರ್ಟಿಫಿಕೇಟ್ ಸರಿ ಇದೆಯಾ, ಲೆಕ್ಕದ ಶೀಟು ಮತ್ತು ಆಮದು ಭಾಗಗಳಿಗೆ ಭಾರತದ ಕಸ್ಟಮ್ಸ್‌ಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿ ಕಳಿಸಿ ಅಂತ. ಪ್ರಶ್ನೆ ಸರ್ಟಿಫಿಕೇಟ್ ಕೊಟ್ಟ ಏಜೆನ್ಸಿಗೆ ಬಂದು, ಅಲ್ಲಿಂದ ನನ್ನ ಮೇಜಿಗೆ ಬಂತು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 2010ರ ಜನವರಿ 1ರಿಂದ ಆಸಿಯಾನ್ ಜೊತೆ ನಮಗೆ ಸರಕು ವ್ಯಾಪಾರದ ಒಪ್ಪಂದ ಇದೆ. ಒಪ್ಪಂದದ ಪ್ರಕಾರ ಭಾರತದ ಮಾಲು ಅಂತ ಸಾಬೀತಾದರೆ ಅಲ್ಲಿನ ಗಿರಾಕಿಗೆ ಡ್ಯೂಟಿ ಕಡಿಮೆ, ಕೆಲವಕ್ಕೆ ಸೊನ್ನೆ. ಸಾಬೀತು ಮಾಡುವ ಕಾಗದಕ್ಕೆ ಫಾರ್ಮ್ ಎಐ ಅಂತ ಹೆಸರು. ಆಸಿಯಾನ್ ಮತ್ತು ಇಂಡಿಯಾದ ಮೊದಲಕ್ಷರ, ಅಷ್ಟೆ. ಆ ಫಾರ್ಮಿನ 8ನೇ ಕಾಲಂನಲ್ಲಿ ಯಾವ ಆಧಾರದ ಮೇಲೆ ಇದು ನಮ್ಮ ಮಾಲು ಅಂತ ಬರೆಯಬೇಕು. ನನ್ನ ತಪ್ಪು ಆದದ್ದು ಆ ಕಾಲಂನಲ್ಲೇ.

ಹೊರಗಿನ ಭಾಗ ಸೇರಿದ ಮಾಲಿಗೆ ಈ ಒಪ್ಪಂದ ಎರಡು ಪರೀಕ್ಷೆ ಇಟ್ಟಿದೆ. ಒಂದು ಬೆಲೆಯದು. ಎಫ್‌ಒಬಿ ಬೆಲೆಯಲ್ಲಿ, ಅಂದರೆ ಮಾಲು ಇಲ್ಲಿ ಹಡಗು ಹತ್ತುವವರೆಗಿನ ಬೆಲೆಯಲ್ಲಿ, ಕನಿಷ್ಠ 35 ಪರ್ಸೆಂಟ್ ಒಪ್ಪಂದದ ದೇಶಗಳೊಳಗೆ ಹುಟ್ಟಿರಬೇಕು. ತಿರುಗಿಸಿ ಹೇಳಿದರೆ, ಹೊರಗಿನ ಮಾಲು 65 ಪರ್ಸೆಂಟ್ ದಾಟಬಾರದು. ಇನ್ನೊಂದು ಎಚ್‌ಎಸ್ ಕೋಡಿನದು, ಅಂದರೆ ಕಸ್ಟಮ್ಸ್‌ನಲ್ಲಿ ಪ್ರತಿ ಮಾಲಿಗೂ ಇರುವ ವರ್ಗೀಕರಣದ ಸಂಖ್ಯೆಯದು. ಹೊರಗಿಂದ ಬಂದ ಪ್ರತಿಯೊಂದು ಭಾಗದ ಕೋಡಿನ ಮೊದಲ ಆರು ಅಂಕಿ, ಕೊನೆಗೆ ತಯಾರಾದ ಮಾಲಿನ ಆರು ಅಂಕಿಗಿಂತ ಬೇರೆ ಇರಬೇಕು. ಎರಡರಲ್ಲಿ ಒಂದು ಪಾಸಾದರೆ ಸಾಲದು, ಎರಡೂ ಆಗಬೇಕು. ಜೊತೆಗೆ ಕೊನೆಯ ತಯಾರಿಕೆ ನಮ್ಮಲ್ಲೇ ನಡೆದಿರಬೇಕು, ಅದು ನಮಗೆ ತೊಂದರೆಯಿಲ್ಲ.

ನಮ್ಮ ಶೀಟಿನ ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿಯಲ್ಲಿ ಕೊಡುತ್ತೇನೆ. ಪ್ಯಾನೆಲ್‌ನ ಎಫ್‌ಒಬಿ 10 ಲಕ್ಷ ರೂಪಾಯಿ. ಪಿಎಲ್‌ಸಿ ನಾವೇ ಚೀನಾದಿಂದ ತರಿಸಿದ್ದು, ಸಾಗಣೆ, ವಿಮೆ ಸೇರಿದ ಸಿಐಎಫ್ ಬೆಲೆ 1 ಲಕ್ಷ 40 ಸಾವಿರ. ಡ್ರೈವ್ 1 ಲಕ್ಷ 60 ಸಾವಿರ, ಬ್ರೇಕರ್ ಮತ್ತು ಕಾಂಟ್ಯಾಕ್ಟರ್ 90 ಸಾವಿರ, ಇವೆರಡೂ ಬೆಂಗಳೂರಿನ ಡೀಲರ್ ಹತ್ತಿರ ಕೊಂಡದ್ದು.

ಡೀಲರ್ ಹತ್ತಿರ ಕೊಂಡದ್ದು ಅಂದ ತಕ್ಷಣ ಅದು ದೇಶೀ ಮಾಲು ಅಂತ ಅಂದುಕೊಳ್ಳುವವರು ಜಾಸ್ತಿ. ನಾನೂ ಮೊದಲ ವರ್ಷ ಹಾಗೇ ಬರೆಯುತ್ತಿದ್ದೆ. ಜಿಎಸ್‌ಟಿ ಬಿಲ್ ಇದೆ, ಡೀಲರ್ ವಿಳಾಸ ಎಸ್‌ಪಿ ರೋಡು, ಇನ್ನೇನು ಬೇಕು ಅಲ್ವಾ? ಆದರೆ ಆ ಬಿಲ್ಲು ಎಲ್ಲಿ ಕೊಂಡೆವು ಅಂತ ಹೇಳುತ್ತದೆಯೇ ಹೊರತು ಎಲ್ಲಿ ತಯಾರಾಯಿತು ಅಂತ ಹೇಳುವುದಿಲ್ಲ. ಮೂಲ ಗೊತ್ತಿಲ್ಲದ ಮಾಲನ್ನು ಹೊರಗಿನದು ಅಂತಲೇ ಹಿಡಿಯಬೇಕು. ನಾವು ನೇರ ಆಮದು ಮಾಡಿದ್ದಕ್ಕೆ ಸಿಐಎಫ್ ಬೆಲೆ. ಮೂಲ ಗೊತ್ತಿಲ್ಲದ್ದಕ್ಕೆ, ಇಲ್ಲಿ ಅದಕ್ಕೆ ಕೊಟ್ಟ ಬೆಲೆಗಳಲ್ಲಿ ಪತ್ತೆಯಾಗುವ ಮೊಟ್ಟಮೊದಲನೆಯದು. ನಮ್ಮ ವಿಷಯದಲ್ಲಿ ಅದು ಡೀಲರ್ ಬಿಲ್ಲಿನ ಬೆಲೆಯೇ.

ಹಾಗೆ ಕಟ್ಟುನಿಟ್ಟಾಗಿ ಹಿಡಿದರೂ ಹೊರಗಿನದು ಒಟ್ಟು 3 ಲಕ್ಷ 90 ಸಾವಿರ, ಅಂದರೆ 39 ಪರ್ಸೆಂಟ್. ಉಳಿದ 61 ಪರ್ಸೆಂಟ್ ನಮ್ಮದು. ಬೇಕಾದ 35ಕ್ಕಿಂತ ಎಷ್ಟೋ ಮೇಲೆ. ಆ 61 ನೋಡಿಯೇ ನಾನು ನೆಮ್ಮದಿಯಾಗಿ ಅರ್ಜಿ ಹಾಕಿದ್ದೆ.

ಎರಡನೇ ಪರೀಕ್ಷೆಗೆ ಕೋಡುಗಳನ್ನು ಸ್ಟೋರ್ಸ್ ಸಾಫ್ಟ್‌ವೇರ್‌ನಿಂದ ಹಾಗೇ ಇಳಿಸಿಕೊಂಡಿದ್ದೆ. ನಮ್ಮ ಪ್ಯಾನೆಲ್ 8537.10. ಡ್ರೈವ್ 8504.40, ಬ್ರೇಕರ್ ಕಾಂಟ್ಯಾಕ್ಟರ್ 8536. ಎಲ್ಲ ಬೇರೆ ಬೇರೆ, ಸರಿ. ಪಿಎಲ್‌ಸಿ ಮುಂದೆ 8538.90 ಅಂತ ಇತ್ತು, ಪ್ಯಾನೆಲ್‌ನ ಬಿಡಿಭಾಗದ ಕೋಡು. ಅದೂ ಬೇರೆ. 8ನೇ ಕಾಲಂ ತುಂಬಿಸಿ ಕಳಿಸಿದೆ. ಏಜೆನ್ಸಿಯವರು ನಮ್ಮ ಘೋಷಣೆ ನಂಬಿ ಸರ್ಟಿಫಿಕೇಟ್ ಕೊಟ್ಟರು.

ಮರುಪರಿಶೀಲನೆಗೆ ಅಂತ ಪಿಎಲ್‌ಸಿಯ ಬಿಲ್ ಆಫ್ ಎಂಟ್ರಿ ಹುಡುಕಿ ತೆಗೆದಾಗ ಅದರಲ್ಲಿದ್ದ ಮೊದಲ ಆರು ಅಂಕಿ 853710. ನಮ್ಮದೇ ಆಮದು, ನಮ್ಮದೇ ಕ್ಲಿಯರಿಂಗ್ ಏಜೆಂಟ್ ಹಾಕಿದ ಕೋಡು, ಮತ್ತು ಅದೇ ಸರಿ. ಕೈಯಷ್ಟಗಲದ ಪಿಎಲ್‌ಸಿ ಮತ್ತು ಆಳೆತ್ತರದ ಪ್ಯಾನೆಲ್, ಎರಡನ್ನೂ ಎಚ್‌ಎಸ್ ಪುಸ್ತಕ ಒಂದೇ ಸಾಲಿನಲ್ಲಿ ಇಡುತ್ತದೆ. ಎರಡೂ ವಿದ್ಯುತ್ ನಿಯಂತ್ರಣದ ಸಾಧನ ಅಂತ ಅದರ ಲೆಕ್ಕ.

ಸ್ಟೋರ್ಸ್‌ಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯರು ಏನೂ ಮುಚ್ಚಿಡಲಿಲ್ಲ. "ಪ್ಯಾನೆಲ್ ಒಳಗೆ ಹೋಗೋದೆಲ್ಲ ಪ್ಯಾನೆಲ್ ಪಾರ್ಟೇ ಅಲ್ವಾ ಮೇಡಂ? ಏನೂ ಗೊತ್ತಾಗದೆ ಇದ್ರೆ 8538 ಹಾಕ್ತೀವಿ." ಅವರಿಗೆ ಅದು ಸ್ಟಾಕ್ ಎಂಟ್ರಿಯ ಒಂದು ಕಾಲಂ ಅಷ್ಟೆ. ಅದನ್ನು ಒರಿಜಿನ್ ಲೆಕ್ಕಕ್ಕೆ ತಂದವಳು ನಾನು.

ಅಂದರೆ ಹೊರಗಿನ ಒಂದು ಭಾಗ ಒಳಗೆ ಬರುವಾಗಲೂ 8537.10, ಹೊರಗೆ ಹೋಗುವಾಗಲೂ 8537.10. ಎರಡನೇ ಪರೀಕ್ಷೆ ಫೇಲು. ಬೆಲೆಯಲ್ಲಿ ಅದರ ಪಾಲು 14 ಪರ್ಸೆಂಟ್ ಮಾತ್ರ ಅಂತ ವಾದಿಸಿ ಪ್ರಯೋಜನವಿಲ್ಲ. ಕೆಲವು ಒಪ್ಪಂದಗಳಲ್ಲಿ ಕೋಡು ಬದಲಾಗದ ಸಣ್ಣ ಪಾಲಿಗೆ ಸಾಮಾನ್ಯವಾಗಿ 10 ಪರ್ಸೆಂಟ್ ಆಸುಪಾಸಿನ ರಿಯಾಯಿತಿ ಇರುತ್ತದೆ. ಆಸಿಯಾನ್ ಒಪ್ಪಂದದಲ್ಲಿ ಅದಿಲ್ಲ. ಇದ್ದಿದ್ದರೂ ನಾವು ದಾಟಿಬಿಟ್ಟಿದ್ದೆವು. ನಿಜ ಹೇಳಬೇಕೆಂದರೆ ನನಗೆ ಇದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಡ್ಯೂಟಿ ವಸೂಲಿಗೆ, ಅಂಕಿಅಂಶಕ್ಕೆ ಅಂತ ಮಾಡಿದ ಕೋಡನ್ನು ಇಟ್ಟುಕೊಂಡು ಒಬ್ಬರು ಎಷ್ಟು ಕೆಲಸ ಮಾಡಿದ್ದಾರೆ ಅಂತ ಅಳೆಯಲು ಹೋದರೆ ಹೀಗೇ ಆಗುವುದು.

ನಾವು ಉತ್ತರದಲ್ಲಿ ತಪ್ಪು ಒಪ್ಪಿಕೊಂಡೆವು. ಗಿರಾಕಿ ಅಲ್ಲಿ ಪೂರ್ತಿ ಡ್ಯೂಟಿ ಕಟ್ಟಿ, ವ್ಯತ್ಯಾಸದ ಹಣಕ್ಕೆ ನಮಗೆ ಡೆಬಿಟ್ ನೋಟ್ ಕಳಿಸಿದರು. ಮಾಲೀಕರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ಆರ್ಡರ್ ಕಣ್ಣೆದುರಿಗೇ ಇತ್ತು. ಮಾಲೀಕರಿಗೆ ಒಂದು ಉಪಾಯ ಹೊಳೆಯಿತು. "ನೋಡಮ್ಮಾ, ಪಿಎಲ್‌ಸಿ ಬಿಚ್ಚಿ ಬೇರೆ ಡಬ್ಬದಲ್ಲಿ ಹಾಕೋಣ. ಅಲ್ಲಿ ಹೋದ ಮೇಲೆ ನಮ್ಮ ಹುಡುಗ ಕೂರಿಸ್ತಾನೆ. ಪ್ಯಾನೆಲ್‌ಗೆ ಫಾರ್ಮ್ ತಗೊಳ್ಳೋಣ, ಪಿಎಲ್‌ಸಿಗೆ ಬೇಡ." ಕ್ಲಿಯರಿಂಗ್ ಏಜೆಂಟ್ ಕೇಳಿ ನಕ್ಕುಬಿಟ್ಟರು. ಬಿಚ್ಚಿ ಕಳಿಸಿದರೂ ಒಂದೇ ಕನ್‌ಸೈನ್‌ಮೆಂಟಿನಲ್ಲಿ ಒಟ್ಟಿಗೆ ಹೋದರೆ ಅದನ್ನು ಜೋಡಿಸಿದ ಪ್ಯಾನೆಲ್ ಅಂತಲೇ ನೋಡುತ್ತಾರೆ. ಎಚ್‌ಎಸ್ ವರ್ಗೀಕರಣದ ನಿಯಮ 2(ಎ) ಹೇಳುವುದೇ ಅದನ್ನು.

ಕೊನೆಗೆ ಸಿಕ್ಕ ದಾರಿ ಒಪ್ಪಂದದೊಳಗೇ ಇತ್ತು. ಆಸಿಯಾನ್ ದೇಶದಲ್ಲಿ ಹುಟ್ಟಿದ ಭಾಗವನ್ನು ನಾವು ಬಳಸಿದರೆ ಅದನ್ನು ಹೊರಗಿನದು ಅಂತ ಎಣಿಸುವುದಿಲ್ಲ, ನಮ್ಮದೇ ಅಂತ ಸೇರಿಸಿಕೊಳ್ಳಬಹುದು. ಹೊರಗಿನದೇ ಅಲ್ಲದ ಮೇಲೆ ಅದರ ಕೋಡು ಬದಲಾಗಬೇಕು ಅನ್ನುವ ಪ್ರಶ್ನೆಯೂ ಏಳುವುದಿಲ್ಲ. ನಾವು ಬಳಸುವ ಬ್ರ್ಯಾಂಡಿಗೆ ಒಂದು ಆಸಿಯಾನ್ ದೇಶದಲ್ಲೂ ಕಾರ್ಖಾನೆ ಇತ್ತು. ಬೆಲೆ ತುಸು ಜಾಸ್ತಿ, ಆದರೂ ಗಿರಾಕಿಗೆ ಉಳಿಯುವ ಡ್ಯೂಟಿ ಮುಂದೆ ಅದು ಲೆಕ್ಕಕ್ಕಿಲ್ಲ.

ಇಲ್ಲೂ ಒಂದು ಗುಂಡಿ ಇದೆ. ಸಪ್ಲೈಯರ್ ಕಳಿಸಿದ ಮೊದಲ ಕೊಟೇಶನ್ ಸಿಂಗಾಪುರದ ಗೋದಾಮಿನಿಂದ ಬಂದಿತ್ತು. ಸಿಂಗಾಪುರವೂ ಆಸಿಯಾನ್ ದೇಶವೇ. ಆದರೆ ಚೀನಾದ ಡಬ್ಬ ಅಲ್ಲಿ ನಾಲ್ಕು ತಿಂಗಳು ಕೂತಿದ್ದು ಎದ್ದು ಬಂದರೆ ಸಿಂಗಾಪುರದ ಮಾಲಾಗುವುದಿಲ್ಲ. ಹಾಗಾಗಿ ಎಲ್ಲಿಂದ ಹಡಗು ಹತ್ತುತ್ತದೆ ಅಂತ ಕೇಳುವುದನ್ನು ಬಿಟ್ಟು, ತಯಾರಿಸಿದ ದೇಶದ ಫಾರ್ಮ್ ಎಐ ಕೊಡುತ್ತೀರಾ ಅಂತ ಮಾತ್ರ ಕೇಳಿದೆವು. ಕೊಡುವುದಿಲ್ಲ ಅಂದವರನ್ನು ಬಿಟ್ಟೆವು.

ಆ ಫಾರ್ಮ್ ಇಟ್ಟುಕೊಂಡು ಇಲ್ಲಿ ಆಮದು ಡ್ಯೂಟಿಯಲ್ಲೂ ರಿಯಾಯಿತಿ ಕೇಳುವುದಾದರೆ ಇನ್ನೊಂದು ಜವಾಬ್ದಾರಿ ತಲೆಗೆ ಬರುತ್ತದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಮ್ಮ ಕಸ್ಟಮ್ಸ್‌ನ ಕ್ಯಾರೊಟಾರ್ ನಿಯಮದ ಪ್ರಕಾರ, ಸರ್ಟಿಫಿಕೇಟ್ ತೋರಿಸಿ ಸುಮ್ನೆ ಇರುವಂತಿಲ್ಲ. ಆ ಮಾಲು ಹೇಗೆ ಅಲ್ಲಿನದಾಯಿತು, ಬೆಲೆಯ ಪಾಲು ಎಷ್ಟು, ಕೋಡು ಬದಲಾಗಿದೆಯಾ ಅನ್ನುವ ಮಾಹಿತಿ ಆಮದುದಾರನ ಹತ್ತಿರವೇ ಇರಬೇಕು, ಐದು ವರ್ಷ ಕಾಪಾಡಬೇಕು. ಆಗ ನಾನು ಸಪ್ಲೈಯರ್‌ಗೆ ಬರೆದ ಮೇಲ್ ಓದಿದರೆ, ಆ ಪರದೇಶದ ಕಸ್ಟಮ್ಸ್‌ನವರು ನಮಗೆ ಬರೆದ ಕಾಗದದ ಹಾಗೇ ಇತ್ತು.

ಈಗ ಶೀಟು ಮಾಡುವ ಕ್ರಮ ಬದಲಾಗಿದೆ. ಬೆಲೆ ಕೂಡಿಸುವುದು ಆಮೇಲೆ. ಮೊದಲು ಬಿಒಎಂ, ಅಂದರೆ ಪ್ಯಾನೆಲ್‌ನ ಬಿಡಿಭಾಗಗಳ ಪಟ್ಟಿಯನ್ನು, ಆರು ಅಂಕಿಯ ಕೋಡಿನ ಪ್ರಕಾರ ಜೋಡಿಸುತ್ತೇನೆ. ಕೋಡನ್ನು ಸ್ಟೋರ್ಸ್‌ನಿಂದ ಎತ್ತುವುದಿಲ್ಲ, ಬಿಲ್ ಆಫ್ ಎಂಟ್ರಿಯಿಂದ ಎತ್ತುತ್ತೇನೆ. ಅದಿಲ್ಲದಿದ್ದರೆ ಕ್ಲಿಯರಿಂಗ್ ಏಜೆಂಟನ್ನು ಕೇಳುತ್ತೇನೆ. ಪ್ಯಾನೆಲ್‌ನ ಕೋಡಿಗೆ ತಾಳೆಯಾಗುವ ಸಾಲು ಎರಡೋ ಮೂರೋ ಸಿಗುತ್ತವೆ. ಪಿಎಲ್‌ಸಿ ಅಂತೂ ಇರುತ್ತದೆ, ಮಾಡೆಲ್ ನೋಡಿಕೊಂಡು ಬಾಗಿಲಿನ ಟಚ್ ಸ್ಕ್ರೀನೂ ಅಲ್ಲಿಗೇ ಬೀಳಬಹುದು. ಮೂಲದ ಸಾಕ್ಷಿ ಕಡ್ಡಾಯವಾಗಿ ಬೇಕಾಗುವುದು ಅಷ್ಟಕ್ಕೆ. ಡ್ರೈವ್ ಎಲ್ಲಿಯದು ಅಂತ ಡೀಲರ್ ಹಿಂದೆ ಬೀಳುವುದನ್ನು ಬಿಟ್ಟಿದ್ದೇನೆ. ಅದರ ಕೋಡು ಹೇಗೂ ಬದಲಾಗುತ್ತದೆ, ಬೆಲೆಯಲ್ಲಿ ಹೊರಗಿನದು ಅಂತ ಬರೆದುಕೊಂಡರೂ ನಮಗೆ ಜಾಗ ಬೇಕಾದಷ್ಟಿದೆ.

ಇದು ಆಸಿಯಾನ್‌ಗೆ ಮಾತ್ರ ಸರಿ. 2022ರ ಮೇ 1ರಿಂದ ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ ಮಾಲಿಗೆ ತಕ್ಕ ಹಾಗೆ ನಿಯಮದ ದೊಡ್ಡ ಪಟ್ಟಿಯೇ ಇದೆ. ಅದೇ ಪ್ಯಾನೆಲ್ ದುಬೈಗೆ ಹೊರಟರೆ ಹೊಸ ಶೀಟು ಮಾಡಬೇಕು.

ಹೋದ ವಾರ ಸ್ಟೋರ್ಸ್‌ನಿಂದ ಕರೆ ಬಂತು. ಮೇಜಿನ ಮೇಲೆ ಎರಡು ಪಿಎಲ್‌ಸಿ ಡಬ್ಬ, ಒಂದೇ ಬ್ರ್ಯಾಂಡು, ಒಂದೇ ಮಾಡೆಲ್ ನಂಬರು. ಹಿರಿಯರು ಎರಡನ್ನೂ ಮಗ್ಗುಲಿಗೆ ತಿರುಗಿಸಿ ಬಾರ್‌ಕೋಡ್ ಕೆಳಗಿನ ಸಣ್ಣಕ್ಷರ ತೋರಿಸಿದರು. ಒಂದರ ಮೇಲೆ ಆಸಿಯಾನ್ ದೇಶದ ಹೆಸರು, ಇನ್ನೊಂದರ ಮೇಲೆ ಚೀನಾ. ಎರಡನೆಯದು ಹಳೇ ಸ್ಟಾಕು. ಮೊದಲಾಗಿದ್ದರೆ ಡಬ್ಬ ಹರಿದು ಕಸಕ್ಕೆ ಹಾಕಿ, ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಡುತ್ತಿದ್ದರು. "ಚೀನಾದ್ದು ಹುಬ್ಬಳ್ಳಿ ಆರ್ಡರ್‌ಗೆ ಹಾಕ್ಲಾ ಮೇಡಂ?" ಅಂದರು. ಹೂಂ ಅಂದೆ. ಇನ್ನೊಂದರ ಲೇಬಲ್ ಫೋಟೊ ತೆಗೆದು, ಸೀರಿಯಲ್ ನಂಬರನ್ನು ಸಪ್ಲೈಯರ್ ಪ್ಯಾಕಿಂಗ್ ಲಿಸ್ಟಿನ ಜೊತೆ ತಾಳೆ ನೋಡಿ, ಅವರ ಫಾರ್ಮ್ ಎಐ ಇರುವ ಫೈಲಿಗೆ ಸೇರಿಸಿದೆ.